ತರಬೇತಿಗೆ ಹೋದ ದಿನಗಳು ಯಾರ ಲೆಕ್ಕಕ್ಕೆ? ಕರ್ತವ್ಯ ರಜೆ ಮತ್ತು ಸ್ವಂತ ರಜೆ: ಅಧ್ಯಯನ ಟಿಪ್ಪಣಿ

ಸೇವಾ ನಿಯಮಗಳನ್ನು ಈಗಷ್ಟೇ ಓದಲು ತೊಡಗಿರುವ ಸಹಾಯಕ ಪ್ರಾಧ್ಯಾಪಕ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಧಾರ ಯುಜಿಸಿಯ 2018ರ ನಿಯಮಾವಳಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅದರ ರಜಾ ನಿಯಮಗಳನ್ನೇ ನೋಡುತ್ತಾರೆ. ರಾಜ್ಯ ಸರ್ಕಾರಿ ಕಾಲೇಜುಗಳ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳಿವೆ, ಅಲ್ಲಿ ದಿನಗಳ ಲೆಕ್ಕ ಬೇರೆ. ಹಾಗಾಗಿ ಇಲ್ಲಿನ ಅಂಕಿಗಳನ್ನು ನಿಮ್ಮ ಸಂಸ್ಥೆಯ ಆದೇಶದ ಪಕ್ಕದಲ್ಲಿಟ್ಟು ಓದಿಕೊಳ್ಳಿ.

ಉದಾಹರಣೆಗೆ ಎರಡು ವಾರದ ಪುನಶ್ಚೇತನ ಕೋರ್ಸನ್ನು ತೆಗೆದುಕೊಳ್ಳೋಣ. ನಾವೆಲ್ಲ ರಿಫ್ರೆಶರ್ ಎನ್ನುತ್ತೇವಲ್ಲ, ಅದೇ. ಅದರಿಂದ ಅಧ್ಯಾಪಕರಿಗೂ ಲಾಭ, ಕಾಲೇಜಿಗೂ ಲಾಭ. ಅವರಿಗೆ ಬಡ್ತಿಯ ಅರ್ಜಿಗೆ ಪ್ರಮಾಣಪತ್ರ ಸಿಗುತ್ತದೆ, ಕಾಲೇಜಿಗೆ ವಿಷಯದಲ್ಲಿ ಹೊಸದನ್ನು ತಿಳಿದುಕೊಂಡ ಅಧ್ಯಾಪಕರು ಮರಳಿ ಬರುತ್ತಾರೆ. ಗೊಂದಲ ಹುಟ್ಟುವುದು ಇಲ್ಲೇ. "ಕಾಲೇಜಿಗೆ ಉಪಯೋಗವಾಗುವ ಕೋರ್ಸ್ ತಾನೆ, ತಾನಾಗಿಯೇ ಕರ್ತವ್ಯವೆಂದು ಪರಿಗಣಿಸುತ್ತಾರೆ" ಎಂದು ಬಹಳ ಜನ ನಂಬಿರುತ್ತಾರೆ. ಹಾಗೆ ಯಾರೂ ಪರಿಗಣಿಸುವುದಿಲ್ಲ. ಕೋರ್ಸ್ ಉಪಯುಕ್ತವೆಂಬುದು ಕರ್ತವ್ಯ ರಜೆ ಕೇಳಲು ಕಾರಣವಾಗುತ್ತದೆ, ಅಷ್ಟೇ. ಆ ದಿನಗಳನ್ನು ಕರ್ತವ್ಯದ ಲೆಕ್ಕಕ್ಕೆ ಸೇರಿಸುವುದು ಮಂಜೂರಾತಿ ಆದೇಶ.

ನಿಯಮ ಹೇಳುವುದು ಹೀಗೆ. ಒಂದು ಶೈಕ್ಷಣಿಕ ವರ್ಷದಲ್ಲಿ ಗರಿಷ್ಠ 30 ದಿನಗಳ ಕರ್ತವ್ಯ ರಜೆ ಕೊಡಬಹುದು. ಪುನಶ್ಚೇತನ ಕೋರ್ಸ್, ಅಧ್ಯಾಪಕರ ಪ್ರವೇಶ ತರಬೇತಿ, ಸಂಶೋಧನಾ ವಿಧಾನದ ಕಾರ್ಯಾಗಾರ, ವಿಚಾರ ಸಂಕಿರಣ ಮುಂತಾದವು ಅದರ ವ್ಯಾಪ್ತಿಗೆ ಬರುತ್ತವೆ. ಎಷ್ಟು ದಿನ ಎಂಬುದನ್ನು ಪ್ರತಿ ಸಲವೂ ಮಂಜೂರು ಮಾಡುವ ಅಧಿಕಾರಿಯೇ ತೀರ್ಮಾನಿಸುತ್ತಾರೆ. "ಕೊಡಬಹುದು" ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಇದು ಕೇಳಿ ಪಡೆಯಬೇಕಾದ ರಜೆ. ಸಾಂದರ್ಭಿಕ ರಜೆಯ ಹಾಗೆ ವರ್ಷದ ಮೊದಲ ದಿನವೇ ನಿಮ್ಮ ಹೆಸರಿನಲ್ಲಿ ಇಷ್ಟು ದಿನ ಎಂದು ಜಮೆಯಾಗಿರುವುದಿಲ್ಲ.

ಈ ರಜೆ ಸಾಮಾನ್ಯವಾಗಿ ಪೂರ್ಣ ವೇತನದ್ದು. ಫೆಲೋಶಿಪ್ ಅಥವಾ ಗೌರವಧನ ಸಾಮಾನ್ಯ ಖರ್ಚಿಗೆ ಬೇಕಾದುದಕ್ಕಿಂತ ಹೆಚ್ಚು ಬಂದರೆ ಮಾತ್ರ ವೇತನವನ್ನು ಕಡಿಮೆ ಮಾಡಿ ಮಂಜೂರು ಮಾಡಲು ಅವಕಾಶವಿದೆ. ಗಳಿಕೆ ರಜೆಯಲ್ಲೂ ಪೂರ್ಣ ವೇತನವೇ ಬರುತ್ತದೆ. ಯಾವ ರಜೆಯಲ್ಲಿ ಹೋದರೂ ಆ ತಿಂಗಳ ವೇತನ ಚೀಟಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ವ್ಯತ್ಯಾಸ ಕಾಣಬೇಕಾದರೆ ಸೇವಾ ಪುಸ್ತಕದಲ್ಲಿರುವ ರಜಾ ಲೆಕ್ಕದ ಹಾಳೆಯನ್ನು ತೆರೆಯಬೇಕು.

ಆ ಹಾಳೆಯನ್ನೇ ಈಗ ತೆರೆಯೋಣ. ಕಲಬುರಗಿಯ ಇಬ್ಬರು ಅಧ್ಯಾಪಕರು ಮೈಸೂರಿನಲ್ಲಿ ನಡೆಯುವ ಒಂದೇ ಕೋರ್ಸಿಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಕೋರ್ಸ್ 3ನೇ ತಾರೀಖು ಸೋಮವಾರದಿಂದ 15ನೇ ತಾರೀಖು ಶನಿವಾರದವರೆಗೆ. ತರಗತಿ ಇರುವುದು 12 ದಿನ, ನಡುವೆ ಒಂದು ಭಾನುವಾರ, ಒಟ್ಟು 13 ದಿನ. ಇಬ್ಬರೂ 2ನೇ ತಾರೀಖು ಭಾನುವಾರ ರೈಲು ಹತ್ತುತ್ತಾರೆ, 16ನೇ ತಾರೀಖು ಭಾನುವಾರ ಹಿಂತಿರುಗುತ್ತಾರೆ. ಇಬ್ಬರ ಗಳಿಕೆ ರಜೆಯ ಖಾತೆಯಲ್ಲೂ ವರ್ಷದ ಆರಂಭಕ್ಕೆ 40 ದಿನ ಉಳಿದಿವೆ. ಆ ವರ್ಷ ಇವರು ತೆಗೆದುಕೊಳ್ಳುವ ದೀರ್ಘ ರಜೆ ಇದೊಂದೇ.

ಮೊದಲನೆಯವರಿಗೆ ಕರ್ತವ್ಯ ರಜೆ ಮಂಜೂರಾಗಿದೆ. ಅವರ ಗಳಿಕೆ ರಜೆಯಿಂದ ಒಂದು ದಿನವೂ ಕಳೆಯುವುದಿಲ್ಲ. ವರ್ಷದ 30 ದಿನಗಳ ಮಿತಿಯಲ್ಲಿ 13 ಖರ್ಚಾಗಿ 17 ಉಳಿಯುತ್ತದೆ.

ಎರಡನೆಯವರು ಗಳಿಕೆ ರಜೆ ಹಾಕಿ ಹೋಗಿದ್ದಾರೆ. ಅವರ ಖಾತೆಯಿಂದ 13 ದಿನ ಕಳೆಯುತ್ತದೆ. ತರಗತಿ ನಡೆದದ್ದು 12 ದಿನ ಮಾತ್ರವಲ್ಲವೇ ಎಂದು ಕೇಳಿದರೆ, ಗಳಿಕೆ ರಜೆಯ ನಡುವೆ ಸಿಕ್ಕಿಕೊಂಡ ಭಾನುವಾರವೂ ರಜೆಯ ಲೆಕ್ಕಕ್ಕೇ ಹೋಗುತ್ತದೆ ಎಂಬುದು ಉತ್ತರ. ಹೋಗುವ ಮತ್ತು ಬರುವ ಭಾನುವಾರಗಳನ್ನು ರಜೆಯ ಹಿಂದೆ ಮುಂದೆ ಸೇರಿಸಿಕೊಳ್ಳಲು ಅನುಮತಿ ಕೇಳಬಹುದು, ಅವು ಕಳೆಯುವುದಿಲ್ಲ.

ಇದರ ಜೊತೆಗೆ ಹೆಚ್ಚಿನವರು ಗಮನಿಸದ ಇನ್ನೊಂದು ಕಡಿತವಿದೆ. ಗಳಿಕೆ ರಜೆ ಜಮೆಯಾಗುವುದು ವಾಸ್ತವ ಸೇವೆಯ ಮೂವತ್ತನೇ ಒಂದು ಭಾಗದಂತೆ. ಬೇಸಿಗೆ ರಜೆಯಂಥ ದೀರ್ಘ ರಜಾವಧಿಯೂ ಆ ಸೇವೆಯಲ್ಲಿ ಸೇರುತ್ತದೆ. ಆದರೆ ವಾಸ್ತವ ಸೇವೆಯನ್ನು ಲೆಕ್ಕ ಹಾಕುವಾಗ ತೆಗೆದುಕೊಂಡ ರಜೆಗಳನ್ನೆಲ್ಲ ಹೊರಗಿಡುತ್ತಾರೆ. ಸಾಂದರ್ಭಿಕ ರಜೆ, ವಿಶೇಷ ಸಾಂದರ್ಭಿಕ ರಜೆ ಮತ್ತು ಕರ್ತವ್ಯ ರಜೆ ಮಾತ್ರ ಇದಕ್ಕೆ ಹೊರತು. ಆದ್ದರಿಂದ ಮೊದಲನೆಯವರ ವಾಸ್ತವ ಸೇವೆ ಪೂರ್ತಿ 365 ದಿನ. ಅದನ್ನು 30ರಿಂದ ಭಾಗಿಸಿದರೆ 12.17 ದಿನ ಜಮೆಯಾಗುತ್ತದೆ. ಎರಡನೆಯವರದು 352 ದಿನ, ಜಮೆ 11.73. ವರ್ಷದ ಕೊನೆಗೆ ಒಬ್ಬರ ಖಾತೆಯಲ್ಲಿ 52.17, ಇನ್ನೊಬ್ಬರದರಲ್ಲಿ 38.73. ಹೋದದ್ದು ಒಂದೇ ಕೋರ್ಸಿಗೆ, ಕುಳಿತದ್ದು ಅಕ್ಕಪಕ್ಕದ ಬೆಂಚಿನಲ್ಲಿ, ಅಂತರ ಸುಮಾರು ಹದಿಮೂರೂವರೆ ದಿನ.

ಇದು ಹಣದಲ್ಲಿ ಎಷ್ಟು? ಗಳಿಕೆ ರಜೆಯನ್ನು 300 ದಿನಗಳವರೆಗೆ ಕೂಡಿಟ್ಟುಕೊಳ್ಳಬಹುದು, ನಿವೃತ್ತಿಯಾಗುವಾಗ ನಗದೀಕರಿಸಬಹುದು. ಒಂದು ದಿನದ ಮೌಲ್ಯ ಎಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೊತ್ತದ ಮೂವತ್ತನೇ ಒಂದು ಭಾಗ. ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700 ರೂಪಾಯಿ. ತುಟ್ಟಿಭತ್ಯೆ ಶೇ 50 ಎಂದು ಹಿಡಿದರೆ ಒಟ್ಟು 86,550, ಒಂದು ದಿನಕ್ಕೆ 2,885, ಹದಿಮೂರು ದಿನಕ್ಕೆ 37,505 ರೂಪಾಯಿ. ನಗದೀಕರಣ ಆಗುವುದು ನಿವೃತ್ತಿಯ ಸಮಯದ ವೇತನದ ಮೇಲೆ, ಹಾಗಾಗಿ ನಿಜವಾದ ಮೊತ್ತ ಇದಕ್ಕಿಂತ ದೊಡ್ಡದು. ಇದಕ್ಕೆ ಒಂದು ಮಿತಿಯೂ ಇದೆ. ನಿಮ್ಮ ಖಾತೆ ಹೇಗೂ 300 ಮುಟ್ಟಿ ನಿಲ್ಲುವುದಾದರೆ ಈ 13 ದಿನಗಳಿಂದ ನಷ್ಟವೇನೂ ಆಗದಿರಬಹುದು. ನಡುವಯಸ್ಸಿನಲ್ಲಿ ಸೇವೆಗೆ ಸೇರಿದವರಿಗೆ, ಮನೆಯ ಕಾರಣಕ್ಕೆ ಆಗಾಗ ರಜೆ ಹಾಕಬೇಕಾಗುವವರಿಗೆ ಒಂದೊಂದು ದಿನವೂ ತೂಕದ್ದು. ಅಪ್ಪನ ಶಸ್ತ್ರಚಿಕಿತ್ಸೆಗೆಂದು ರಜೆ ಬೇಕಾದ ದಿನ ಖಾತೆ ಖಾಲಿಯಿದ್ದರೆ ನಗದೀಕರಣದ ಲೆಕ್ಕ ಯಾರಿಗೆ ನೆನಪಾಗುತ್ತದೆ?

ಗಳಿಕೆ ರಜೆ ಬೇಡ, ಸಾಂದರ್ಭಿಕ ರಜೆಯಲ್ಲೇ ಹೋಗಿಬರುತ್ತೇನೆ ಎನ್ನುವವರೂ ಇದ್ದಾರೆ. ಈ ಕೋರ್ಸಿಗೆ ಅದು ಸಾಲುವುದಿಲ್ಲ. ಯುಜಿಸಿ ನಿಯಮದಲ್ಲಿ ಸಾಂದರ್ಭಿಕ ರಜೆ ವರ್ಷಕ್ಕೆ 8 ದಿನ. ನಡುವಿನ ಭಾನುವಾರ ಬಿಟ್ಟರೂ ನಮಗೆ 12 ದಿನ ಬೇಕು. ಉಳಿದ ನಾಲ್ಕಕ್ಕೆ ಗಳಿಕೆ ರಜೆ ಅಂಟಿಸುವ ಹಾಗೂ ಇಲ್ಲ, ಏಕೆಂದರೆ ಸಾಂದರ್ಭಿಕ ರಜೆಯನ್ನು ವಿಶೇಷ ಸಾಂದರ್ಭಿಕ ರಜೆಯ ಹೊರತು ಬೇರಾವುದರ ಜೊತೆಗೂ ಸೇರಿಸುವಂತಿಲ್ಲ. ಇದೇ ನಿಯಮ ಇನ್ನೊಂದು ಕಡೆಯೂ ಕಾಲಿಗೆ ತೊಡರುತ್ತದೆ. ಕೋರ್ಸ್ ಮುಗಿದ ಮೇಲೆ ಮೈಸೂರಿನಲ್ಲಿರುವ ಅಕ್ಕನ ಮನೆಯಲ್ಲಿ ಸೋಮವಾರ, ಮಂಗಳವಾರ ಇದ್ದು ಬರೋಣ ಎನಿಸಿದರೆ ಆ ಎರಡು ದಿನಕ್ಕೆ ಸಾಂದರ್ಭಿಕ ರಜೆ ಬರೆಯಬೇಡಿ. ಕರ್ತವ್ಯ ರಜೆಯ ಜೊತೆ ಸೇರುವುದು ಗಳಿಕೆ ರಜೆ, ಅರ್ಧ ವೇತನ ರಜೆ ಅಥವಾ ಅಸಾಧಾರಣ ರಜೆ. ಎರಡು ದಿನದ ಗಳಿಕೆ ರಜೆಯನ್ನು ಅದೇ ಅರ್ಜಿಯಲ್ಲಿ ಬೇರೆ ಸಾಲಿನಲ್ಲಿ ಕೇಳಿ. ಸ್ವಂತ ಕೆಲಸದ ದಿನಗಳು ಸ್ವಂತ ರಜೆಗೇ ಹೋಗಬೇಕು, ಅದು ನ್ಯಾಯವೂ ಹೌದು.

ಇನ್ನು ತಪ್ಪು ಎಲ್ಲಿ ನುಸುಳುತ್ತದೆ ಎಂಬುದು. ನನಗೇ ಆದದ್ದನ್ನು ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ನನ್ನ ಅರ್ಜಿಯ ಮೇಲೆ ಪ್ರಾಂಶುಪಾಲರು "ಅನುಮತಿಸಿದೆ" ಎಂದು ಬರೆದು ಸಹಿ ಹಾಕಿದ್ದರು. ಮನಸ್ಸು ನಿರಾಳವಾಗಿ ಹೊರಟುಬಿಟ್ಟೆ. ಎರಡು ವರ್ಷದ ನಂತರ ಸೇವಾ ಪುಸ್ತಕ ನೋಡಿದರೆ ಆ ದಿನಗಳ ಎದುರು ಕೆಂಪು ಶಾಯಿಯಲ್ಲಿ "ಗ.ರ." ಎಂದಿತ್ತು. ವಿಷಯ ನಿರ್ವಾಹಕರನ್ನು ಕೇಳಿದೆ. "ಮೇಡಂ, ಹೋಗಲು ಅನುಮತಿ ಕೊಟ್ಟಿದ್ದಾರೆ, ಸರಿ. ಯಾವ ರಜೆ ಎಂದು ಎಲ್ಲಿ ಬರೆದಿದ್ದಾರೆ ತೋರಿಸಿ" ಎಂದರು. ಅರ್ಜಿಯನ್ನು ಮತ್ತೆ ಓದಿದೆ. "ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ" ಎಂದಷ್ಟೇ ನಾನು ಬರೆದಿದ್ದೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಾಜರಾಗಲು ಅನುಮತಿ ಬೇರೆ, ಆ ಅವಧಿಯನ್ನು ಕರ್ತವ್ಯ ರಜೆಯೆಂದು ಮಂಜೂರು ಮಾಡುವುದು ಬೇರೆ ಎಂದು ಆವತ್ತು ಕಲಿತೆ.

ಈಗ ನಾನು ಬರೆಯುವ ವಾಕ್ಯ ಇದು: "ಸದರಿ ಪುನಶ್ಚೇತನ ಕೋರ್ಸಿಗೆ ಹಾಜರಾಗಲು ಅನುಮತಿ ನೀಡಿ, ದಿನಾಂಕ 3ರಿಂದ 15ರವರೆಗಿನ 13 ದಿನಗಳ ಅವಧಿಗೆ ಕರ್ತವ್ಯ ರಜೆ ಮಂಜೂರು ಮಾಡಬೇಕೆಂದೂ, ದಿನಾಂಕ 2 ಮತ್ತು 16ರ ಭಾನುವಾರಗಳಂದು ಕೇಂದ್ರಸ್ಥಾನ ಬಿಡಲು ಅನುಮತಿಸಬೇಕೆಂದೂ ಕೋರುತ್ತೇನೆ." ಇದಕ್ಕೆ ಕೋರ್ಸಿನ ಆಯ್ಕೆ ಪತ್ರವನ್ನೂ, ಆ ದಿನಗಳ ನನ್ನ ತರಗತಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಹಾಳೆಯನ್ನು ಅವರ ಸಹಿಯೊಂದಿಗೂ ಲಗತ್ತಿಸುತ್ತೇನೆ. ಹೊರಡುವ ಮುನ್ನ ಬಿಡುಗಡೆ ಆದೇಶ ಕೈಯಲ್ಲಿರಬೇಕು. ಬಂದ ಮೇಲೆ ಹಾಜರಾತಿ ಪ್ರಮಾಣಪತ್ರದೊಂದಿಗೆ ಕರ್ತವ್ಯಕ್ಕೆ ಹಾಜರಾದ ವರದಿಯನ್ನು ಕೊಡಬೇಕು. ಹೋಗಿ ಬಂದ ಮೇಲೆ ಕೇಳಿದರಾಯಿತು ಎಂದು ಕೂರಬೇಡಿ. ಗಳಿಕೆ ರಜೆಯೆಂದು ಒಮ್ಮೆ ದಾಖಲಾದದ್ದನ್ನು ಕರ್ತವ್ಯ ರಜೆಗೆ ತಿರುಗಿಸಲು ನಾನು ಬರೆದ ಮೂರು ಮನವಿಗಳೂ ಕಡತದಲ್ಲೇ ಉಳಿದವು.

ಕರ್ತವ್ಯ ರಜೆಯನ್ನು ಓಓಡಿಯೊಂದಿಗೆ, ಅಂದರೆ ಸಂಸ್ಥೆಯ ಆದೇಶದ ಮೇರೆಗೆ ಬೇರೆಡೆ ಮಾಡುವ ಕರ್ತವ್ಯದೊಂದಿಗೆ, ಕಲಸಬೇಡಿ. ಸಂಸ್ಥೆಯೇ ನಿಮ್ಮನ್ನು ನಿಯೋಜಿಸಿ, "ಇಂಥ ತರಬೇತಿಗೆ ಹೋಗಿ ಬನ್ನಿ" ಎಂದು ಆದೇಶಿಸಿದರೆ ನೀವು ರಜೆಯಲ್ಲೇ ಇಲ್ಲ, ಬೇರೆ ಜಾಗದಲ್ಲಿ ಕೆಲಸದ ಮೇಲಿದ್ದೀರಿ. ಆಗ ಪ್ರಯಾಣ ಭತ್ಯೆಯ ಪ್ರಶ್ನೆಯೂ ಬರುತ್ತದೆ. ಅದನ್ನು ಯಾರು ಭರಿಸುತ್ತಾರೆ, ಕಳುಹಿಸಿದ ಸಂಸ್ಥೆಯೋ ತರಬೇತಿ ಕೇಂದ್ರವೋ ಎಂಬುದು ಆದೇಶದಲ್ಲೇ ಇರಬೇಕು. ನೀವೇ ಅರ್ಜಿ ಹಾಕಿ ಆಯ್ಕೆಯಾಗಿ, ಸಂಸ್ಥೆ ಒಪ್ಪಿ ಕಳುಹಿಸಿದರೆ ಅದು ಕರ್ತವ್ಯ ರಜೆ.

ಈ ಭೇದ ಹೆಚ್ಚು ಕೆಲಸಕ್ಕೆ ಬರುವುದು ಬೇಸಿಗೆ ರಜೆಯಲ್ಲಿ ಕೋರ್ಸ್ ಬಂದಾಗ. ರಜಾವಧಿಯಲ್ಲಿ ಕರ್ತವ್ಯ ನಿರ್ವಹಿಸಬೇಕಾಗಿ ಬಂದ ದಿನಗಳ ಮೂರನೇ ಒಂದು ಭಾಗ ಗಳಿಕೆ ರಜೆಯಾಗಿ ಹೆಚ್ಚುವರಿ ಜಮೆಯಾಗುತ್ತದೆ. 13 ದಿನಕ್ಕೆ 4.33 ದಿನ. ಆದರೆ ನಿಯಮದ ಮಾತು "ನಿರ್ವಹಿಸಬೇಕಾಗಿ ಬಂದ" ಎಂಬುದು. ಸಂಸ್ಥೆ ನಿಯೋಜಿಸಿ ಕಳುಹಿಸಿದ್ದರೆ ಆ ಆದೇಶವನ್ನು ಮುಂದಿಟ್ಟು ಈ ಜಮೆಯನ್ನು ಕೇಳಲು ಗಟ್ಟಿ ಆಧಾರವಿರುತ್ತದೆ. ನೀವಾಗಿಯೇ ಸೇರಿಕೊಂಡ ಕೋರ್ಸಾದರೆ ರಜಾವಧಿಯಾದ್ದರಿಂದ ಏನೂ ಕಳೆಯುವುದಿಲ್ಲ, ಏನೂ ಕೂಡುವುದೂ ಇಲ್ಲ. ಏಪ್ರಿಲ್‌ನಲ್ಲಿ ಕೋರ್ಸಿನ ಪ್ರಕಟಣೆ ಬಂದಾಗಲೇ ವಿಭಾಗದ ಮುಖ್ಯಸ್ಥರ ಬಳಿ ಹೋಗಿ, ಸಂಸ್ಥೆಯ ವತಿಯಿಂದ ನಿಯೋಜಿಸಲು ಸಾಧ್ಯವೇ ಎಂದು ಕೇಳಿ ನೋಡಿ.