ಡೀಲರ್ ರಾಜೀನಾಮೆ ಕೊಡುವ ಮುಂಚೆ ಪೊಸಿಷನ್ ಸೊನ್ನೆ ಆಗಿರಬೇಕು

ಹೋದ ತಿಂಗಳು ಒಂದು ಭಾನುವಾರ ಸರಸ್ವತಿಪುರಂನ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದ. ಮಂಡ್ಯದವನು, ನನ್ನ ಹಳೇ ಸಹೋದ್ಯೋಗಿಯ ತಮ್ಮನ ಮಗ. ಮುಂಬೈಯಲ್ಲಿ ಒಂದು ಬ್ಯಾಂಕಿನ ಡೀಲಿಂಗ್ ರೂಮಿನಲ್ಲಿ ಆರು ವರ್ಷದಿಂದ ಡಾಲರ್-ರೂಪಾಯಿ ಡೀಲರ್. ಈಗ ಒಂದು ಬ್ರೋಕರೇಜ್ ಕಂಪನಿಯ ರಿಸರ್ಚ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. "ಸಾರ್, ರಾಜೀನಾಮೆ ಬರೆದಿದೀನಿ, ಒಂದ್ಸಲ ನೋಡಿಬಿಡಿ" ಅಂತ ಫೋನ್ ನನ್ನ ಕೈಗೆ ಕೊಟ್ಟ. ನಾನೂ ಇಪ್ಪತ್ತು ವರ್ಷ ಬ್ಯಾಂಕಿನ ಟ್ರೆಷರಿಯಲ್ಲಿ ಇದ್ದವನು. ಇಂಥ ಪತ್ರಗಳನ್ನು ತೆಗೆದುಕೊಂಡಿದ್ದೇನೆ, ಒಮ್ಮೆ ಕೊಟ್ಟೂ ಇದ್ದೇನೆ.

ಪತ್ರ ಓದುವ ಮೊದಲು ಒಂದು ಪ್ರಶ್ನೆ ಕೇಳಿದೆ. "ಯಾವಾಗ ಕೊಡ್ತೀಯಪ್ಪ?"

"ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಾರ್, ಚೀಫ್ ಡೀಲರ್ ಆಗ ಸ್ವಲ್ಪ ಫ್ರೀ ಇರ್ತಾರೆ."

"ಆಗ ನಿನ್ನ ಹತ್ತಿರ ಪೊಸಿಷನ್ ಇರುತ್ತಾ?"

ಅವನು ಸುಮ್ಮನಾದ. ಶುಕ್ರವಾರವೇ 50 ಲಕ್ಷ ಡಾಲರ್ ಕೊಂಡು, ಮಾರದೆ ಇಟ್ಟುಕೊಂಡಿದ್ದ. ಪೊಸಿಷನ್ ಅಂದರೆ ಇದೇ. ಅದು ಅವನ ಮಿತಿಯೊಳಗೇ ಇತ್ತು, ತಪ್ಪೇನಲ್ಲ. ಆದರೆ ರಾಜೀನಾಮೆ ಕೊಡುವ ದಿನ ಅದು ಇರಬಾರದು. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸಿದೆ.

ಡಾಲರಿಗೆ 85 ರೂಪಾಯಿ 40 ಪೈಸೆಯಲ್ಲಿ ಕೊಂಡಿದ್ದಾನೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಪತ್ರ ಕೊಡುತ್ತಾನೆ. ಡೀಲರ್ ರಾಜೀನಾಮೆ ಕೊಟ್ಟ ಅಂದರೆ ಬಹಳಷ್ಟು ಬ್ಯಾಂಕುಗಳಲ್ಲಿ ಆ ಗಳಿಗೆಯಲ್ಲೇ ಅವನ ಡೀಲಿಂಗ್ ಲಾಗಿನ್ ನಿಲ್ಲಿಸುತ್ತಾರೆ. ಇದು ಸಿಟ್ಟಿನಿಂದ ಮಾಡುವುದಲ್ಲ. ಹೊರಗೆ ಹೋಗಲು ತೀರ್ಮಾನಿಸಿದವನ ಕೈಯಲ್ಲಿ ಬ್ಯಾಂಕಿನ ದುಡ್ಡಿನ ರಿಸ್ಕ್ ಇರಬಾರದು, ಅಷ್ಟೇ. ಈಗ ಆ 50 ಲಕ್ಷ ಡಾಲರನ್ನು ಪಕ್ಕದ ಸೀಟಿನವನು ಮಾರಬೇಕು. ಅವನು ಮಾರುವ ಹೊತ್ತಿಗೆ ರೇಟು 85.32ಕ್ಕೆ ಇಳಿದಿದೆ ಅಂದರೆ ಡಾಲರಿಗೆ 8 ಪೈಸೆ ನಷ್ಟ. ಎಂಟು ಪೈಸೆ ಕೇಳೋಕೆ ಏನೂ ಅಲ್ಲ, ಆದರೆ 50 ಲಕ್ಷದಿಂದ ಗುಣಿಸಿದರೆ 4 ಲಕ್ಷ ರೂಪಾಯಿ. ಈ ನಷ್ಟ ಯಾರದು? ಕೊಂಡವನದಾ, ಮಾರಿದವನದಾ? ಅದಕ್ಕಿಂತ ಕೆಟ್ಟದ್ದು ಮುಂದಿನ ಪ್ರಶ್ನೆ. ನಷ್ಟ ಮುಚ್ಚೋಕೆ ಆಗದೆ ಓಡಿಹೋದನಾ ಅಂತ ಯಾರೋ ಒಬ್ಬರಿಗೆ ಅನ್ನಿಸಿಯೇ ಅನ್ನಿಸುತ್ತದೆ. ಆ ಅನುಮಾನ ಕಾಗದದಲ್ಲಿ ಬರುವುದಿಲ್ಲ, ಆದರೆ ಹೊಸ ಕಂಪನಿಯವರು ಹಿಂದಿನ ಕೆಲಸದ ಬಗ್ಗೆ ವಿಚಾರಿಸುವಾಗ ಮಾತಿನಲ್ಲಿ ಬರುತ್ತದೆ.

ಹಾಗಾಗಿ ಸೋಮವಾರ ಮಾರುಕಟ್ಟೆಯಲ್ಲೇ ಪೊಸಿಷನ್ ಮುಗಿಸು, ಲಾಭವೋ ನಷ್ಟವೋ ನಿನ್ನ ಹೆಸರಲ್ಲೇ ಬೀಳಲಿ ಅಂದೆ. ಗ್ರಾಹಕರು ನಿನ್ನ ಹತ್ತಿರ ಬಿಟ್ಟಿರುವ ಆರ್ಡರ್‌ಗಳು, ಅಂದರೆ 'ರೇಟು ಇಷ್ಟಕ್ಕೆ ಬಂದರೆ ನಮ್ಮ ಡಾಲರ್ ಮಾರಿ' ಅಂತ ಹೇಳಿರುವವು, ಒಂದೂ ಬಿಡದೆ ಸಿಸ್ಟಮ್‌ನಲ್ಲಿ ಇವೆಯಾ ನೋಡು. ಎಷ್ಟೋ ಸಲ ಒಂದೆರಡು ಆರ್ಡರ್ ಡೀಲರ್ ತಲೆಯಲ್ಲಿ ಮಾತ್ರ ಇರುತ್ತವೆ. ಅವನು ಹೋದ ಮರುದಿನ ರೇಟು ಅಲ್ಲಿಗೆ ಬರುತ್ತದೆ, ಮಾರುವವರು ಯಾರೂ ಇರುವುದಿಲ್ಲ, ಗ್ರಾಹಕ ಫೋನ್ ಮಾಡಿ ಕೂಗಾಡುತ್ತಾನೆ. ಸಂಜೆ ಮಾರುಕಟ್ಟೆ ಮುಗಿದು, ಡೀಲರ್‌ಗಳ ಪೊಸಿಷನ್, ಮಿತಿ ಮೇಲೆ ಕಣ್ಣಿಡುವ ಮಿಡ್ ಆಫೀಸಿನ ದಿನದ ರಿಪೋರ್ಟಿನಲ್ಲಿ ನಿನ್ನ ಹೆಸರಿನ ಮುಂದೆ ಸೊನ್ನೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಪತ್ರ ಕೊಡು.

ಆಮೇಲೆ ಪತ್ರಕ್ಕೆ ಬಂದೆ. ಒಂದೂವರೆ ಪುಟ. ಮೊದಲ ಪ್ಯಾರಾ ಕೃತಜ್ಞತೆ, ಅದು ಸರಿ. ಎರಡನೇ ಪ್ಯಾರಾದಲ್ಲಿ ತಿರುಪ್ಪೂರಿನ ಮೂವರು ರಫ್ತುದಾರರ ಹೆಸರು, ತಿಂಗಳಿಗೆ ಅವರು ಎಷ್ಟು ಡಾಲರ್ ಮಾರುತ್ತಾರೆ, ಅವರಿಂದ ಬ್ಯಾಂಕಿಗೆ ಎಷ್ಟು ಲಾಭ ತಂದುಕೊಟ್ಟೆ ಅನ್ನುವುದು ಇತ್ತು. ಹುಡುಗನಿಗೆ ಅದು ಹೆಮ್ಮೆ. ನನಗೆ ಎದೆ ಧಸಕ್ಕೆಂದಿತು. ರಾಜೀನಾಮೆ ಪತ್ರ ಡೀಲಿಂಗ್ ರೂಮಿನಲ್ಲಿ ನಿಲ್ಲುವುದಿಲ್ಲ. ಎಚ್‌ಆರ್‌ಗೆ ಹೋಗುತ್ತದೆ, ಆಡಿಟ್‌ಗೆ ಹೋಗಬಹುದು, ಅವನ ಸ್ವಂತ ಮೇಲ್‌ನಲ್ಲಿ ಒಂದು ಕಾಪಿ ಉಳಿಯುತ್ತದೆ. ಗ್ರಾಹಕರ ಗುಟ್ಟು ಅಲ್ಲಿಗೆ ಬ್ಯಾಂಕಿನಿಂದ ಹೊರಗೆ ಬಂದ ಹಾಗೆಯೇ ಅಲ್ವಾ? ಅದೂ ಬ್ರೋಕರೇಜ್ ಕಡೆ ಹೊರಟವನ ಮೇಲ್‌ನಲ್ಲಿ!

"ಹಾಗಾದ್ರೆ ಆರು ವರ್ಷ ಕಲಿತದ್ದನ್ನೆಲ್ಲ ಇಲ್ಲೇ ಬಿಟ್ಟು ಹೋಗ್ಬೇಕಾ ಸಾರ್?" ಅಂದ. ಮುಖ ಸಣ್ಣದಾಗಿತ್ತು.

ಇಲ್ಲ. ಇಲ್ಲಿ ಗೆರೆ ಎಲ್ಲಿದೆ ಅನ್ನುವುದು ಗೊತ್ತಿರಬೇಕು. ತಿಂಗಳ ಕೊನೆಯಲ್ಲಿ ತೈಲ ಕಂಪನಿಗಳು ಡಾಲರ್ ಕೊಳ್ಳುವುದರಿಂದ ರೂಪಾಯಿ ಮೇಲೆ ಒತ್ತಡ ಬೀಳುತ್ತದೆ, ಸರ್ಕಾರಿ ಬ್ಯಾಂಕುಗಳು ಒಟ್ಟಿಗೆ ಡಾಲರ್ ಮಾರೋಕೆ ನಿಂತರೆ ಹಿಂದೆ ರಿಸರ್ವ್ ಬ್ಯಾಂಕ್ ಇರಬಹುದು ಅಂತ ಮಾರುಕಟ್ಟೆ ಊಹಿಸುತ್ತದೆ. ಇಂಥದ್ದು ಕಸುಬಿನ ಅನುಭವ, ಅದು ನಿನ್ನದು, ರಿಸರ್ಚ್ ವರದಿಯಲ್ಲಿ ಧಾರಾಳವಾಗಿ ಬರೆ. ಯಾವ ಕಂಪನಿ, ಯಾವ ರೇಟಿನಲ್ಲಿ, ಎಷ್ಟು ಆರ್ಡರ್ ಇಟ್ಟಿದೆ ಅನ್ನುವುದು ಗ್ರಾಹಕನದು. ವಿದೇಶಿ ವಿನಿಮಯದ ವಹಿವಾಟು ಮಾಡುವವರು ಹೇಗೆ ನಡೆದುಕೊಳ್ಳಬೇಕು ಅಂತ 2017ರಲ್ಲಿ ಬಂದ ಎಫ್‌ಎಕ್ಸ್ ಗ್ಲೋಬಲ್ ಕೋಡ್ ಹೇಳುವುದೂ ಇದನ್ನೇ: ಮಾರುಕಟ್ಟೆಯ ಸುದ್ದಿ ಹಂಚಿಕೊಳ್ಳುವುದಾದರೆ ಒಟ್ಟುಗೂಡಿಸಿ, ಯಾರು ಅಂತ ತಿಳಿಯದ ಹಾಗೆ ಹೇಳಬೇಕು. "ರಫ್ತುದಾರರು ಮಾರುತ್ತಿದ್ದಾರೆ" ಅನ್ನಬಹುದು. ಊರಿನ ಹೆಸರು ಸೇರಿಸಿದರೆ ಗೆರೆಯ ಹತ್ತಿರ ಬಂದೆ, ಸಣ್ಣ ಊರಾದರೆ ದಾಟಿಯೇ ಬಿಟ್ಟೆ.

ಅವನ ಪತ್ರದಲ್ಲಿ ಜಾಸ್ತಿ ಇದ್ದದ್ದು ಇದಾದರೆ, ಇಲ್ಲದ್ದು ಒಂದಿತ್ತು. ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಬರೆದಿರಲಿಲ್ಲ, 'ವೈಯಕ್ತಿಕ ಕಾರಣ' ಅಂತ ಹಾಕಿದ್ದ. ಬೇರೆ ಕೆಲಸಗಳಲ್ಲಿ ಇದು ನಡೆಯುತ್ತದೆ. ಡೀಲರ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನೋಟಿಸ್ ಮೂರು ತಿಂಗಳು ಇದ್ದು, ಲಾಗಿನ್ ತಕ್ಷಣ ನಿಲ್ಲಿಸದ, ವಿಷಯವೂ ತಿಳಿಯದ ಬ್ಯಾಂಕು ಅವನನ್ನು ಅದೇ ಸೀಟಿನಲ್ಲಿ ಕೂರಿಸಿತು ಅಂದುಕೊಳ್ಳಿ. ಆ ಮೂರು ತಿಂಗಳೂ ಗ್ರಾಹಕರ ಆರ್ಡರ್ ಅವನ ಕಣ್ಣ ಮುಂದೆ. ನಂತರ ಅವನು ಬ್ರೋಕರೇಜ್‌ನಲ್ಲಿ ಬರೆಯುವ ಮೊದಲ ವರದಿ ಸರಿಯಾಗಿ ಬಂದರೂ ತೊಂದರೆ. ಎಲ್ಲಿಂದ ತಿಳಿಯಿತು ಅಂತ ಕೇಳುತ್ತಾರೆ. ಮೊದಲೇ ಹೇಳಿಬಿಟ್ಟರೆ ಸೀಟು ಬದಲಿಸುವುದು ಬ್ಯಾಂಕಿನ ಜವಾಬ್ದಾರಿ.

ಪತ್ರ ಹೋಗುವುದು ಇಂಗ್ಲಿಷಿನಲ್ಲೇ. ಇಬ್ಬರೂ ಕೂತು ಕೊನೆಗೆ ಉಳಿಸಿದ್ದರ ಸಾರ ಇಷ್ಟು:

"ಇಂದಿನ ದಿನಾಂಕದಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನಿಯಮದ ಪ್ರಕಾರ ನೋಟಿಸ್ ಅವಧಿ ಪೂರೈಸುತ್ತೇನೆ. ಒಂದು ಬ್ರೋಕರೇಜ್ ಸಂಸ್ಥೆಯ ರಿಸರ್ಚ್ ವಿಭಾಗ ಸೇರಲಿದ್ದೇನೆ. ಇಂದಿನ ಮಾರುಕಟ್ಟೆ ಮುಕ್ತಾಯದ ಹೊತ್ತಿಗೆ ನನ್ನ ಹೆಸರಿನಲ್ಲಿ ಯಾವುದೇ ಓಪನ್ ಪೊಸಿಷನ್ ಇಲ್ಲ. ಬಾಕಿ ಇರುವ ಗ್ರಾಹಕರ ಆರ್ಡರ್‌ಗಳೆಲ್ಲ ಸಿಸ್ಟಮ್‌ನಲ್ಲಿ ದಾಖಲಾಗಿವೆ. ಬ್ಯಾಂಕಿನ ಅಥವಾ ಗ್ರಾಹಕರ ಮಾಹಿತಿಯ ಯಾವ ಪ್ರತಿಯೂ ನನ್ನ ಬಳಿ ಇಲ್ಲ. ರಾಜೀನಾಮೆ ಸ್ವೀಕರಿಸಿದ್ದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಜೊತೆಗೆ ಎರಡು ಸಾಲು ಧನ್ಯವಾದ. ಕೊನೆಯ ಸಾಲು ಮರೆಯಬೇಡಿ, ವಿಶೇಷವಾಗಿ ಸರ್ಕಾರಿ ಬ್ಯಾಂಕಿನಲ್ಲಿ ಇರುವವರು. ಅಲ್ಲಿ ಅಧಿಕಾರಿಯ ರಾಜೀನಾಮೆ ಸ್ವೀಕಾರ ಆಗುವ ತನಕ ಜಾರಿಗೇ ಬರುವುದಿಲ್ಲ.

'ಯಾವ ಪ್ರತಿಯೂ ಇಲ್ಲ' ಅನ್ನುವ ಸಾಲಿಗೆ ಬಂದಾಗ ಅವನು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದ. ನೀಲಿ ರಟ್ಟು, ಮೂಲೆ ಸವೆದಿದೆ. ಸೇರಿದ ಮೊದಲ ವಾರದಿಂದ ಪ್ರತಿ ಡೀಲ್ ಬಗ್ಗೆ ಬರೆದಿಟ್ಟಿದ್ದ, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಅಂತ. ನೋಡಿ ಖುಷಿಯಾಯಿತು, ಇಂಥ ಶ್ರದ್ಧೆ ಈಗ ಕಡಿಮೆ. ಆದರೆ ಪುಟ ತಿರುಗಿಸಿದರೆ ಅಂಚಿನಲ್ಲೆಲ್ಲ ಗ್ರಾಹಕರ ಹೆಸರು, ಪಕ್ಕದಲ್ಲಿ ರೇಟು.

"ಇದು ನನ್ನ ಸ್ವಂತದ್ದಲ್ವಾ ಸಾರ್?"

"ಪುಸ್ತಕ ನಿನ್ನದು ಕಣಪ್ಪ. ಒಳಗಿರೋ ಹೆಸರುಗಳು ನಿನ್ನವಲ್ಲ."

ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದ. ನನ್ನವಳು ತಂದಿಟ್ಟ ಕಾಫಿ ಆರಿಹೋಯಿತು.

ಮಂಗಳವಾರ ಬೆಳಿಗ್ಗೆ ಫೋನ್ ಬಂತು. ಸೋಮವಾರ 3 ಪೈಸೆ ನಷ್ಟದಲ್ಲಿ ಪೊಸಿಷನ್ ಮುಗಿಸಿ, ಸಂಜೆ ಪತ್ರ ಕೊಟ್ಟಿದ್ದಾನೆ. ನೋಟ್‌ಬುಕ್ಕನ್ನು ಮಿಡ್ ಆಫೀಸಿಗೆ ಒಪ್ಪಿಸಿ, ಕೈಬರಹದಲ್ಲಿ ರಸೀದಿ ತೆಗೆದುಕೊಂಡಿದ್ದಾನೆ. "ಈಗ ಡೀಲಿಂಗ್ ರೂಮಿನ ಬಾಗಿಲಿಗೆ ಕಾರ್ಡ್ ತೋರಿಸಿದ್ರೆ ತೆರೀತಿಲ್ಲ ಸಾರ್, ಮೇಲಿನ ಮಹಡಿಯಲ್ಲಿ ಒಂದು ಟೇಬಲ್ ಕೊಟ್ಟಿದಾರೆ" ಅಂದ.