ಶೇಕಡಾವಾರು ಹಾಜರಾತಿ: ಮೊದಲು ಛೇದವನ್ನು ಪರಿಶೀಲಿಸಿ

ಸೆಮಿಸ್ಟರಿನ ಕೊನೆಗೆ ಹಾಜರಾತಿ ಕೊರತೆಯವರ ಪಟ್ಟಿ ಸೂಚನಾ ಫಲಕಕ್ಕೆ ಬಂದ ಕೂಡಲೇ ವಿದ್ಯಾರ್ಥಿಗಳೂ ಪಾಲಕರೂ ತಕರಾರು ತೆಗೆಯುವುದು ಸಾಮಾನ್ಯವಾಗಿ ಹಾಜರಾದ ತರಗತಿಗಳ ಸಂಖ್ಯೆಯ ಬಗ್ಗೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಇರುವುದು ಅಲ್ಲಲ್ಲ, ನಡೆದ ತರಗತಿಗಳ ಸಂಖ್ಯೆಯಲ್ಲಿ. ಅದರಲ್ಲೂ ಮಳೆಗಾಲದಲ್ಲಿ ಆರಂಭವಾಗುವ ಸೆಮಿಸ್ಟರಿನಲ್ಲಿ, ಕರಾವಳಿಯ ಕಾಲೇಜುಗಳ ಹಾಜರಿ ಪುಸ್ತಕವನ್ನು ರಜೆಗಳ ಲೆಕ್ಕ ಬಿಡಿಸದೆ ನಂಬುವಂತಿಲ್ಲ.

ಕಾರವಾರದ ಕಡೆಯ ಒಬ್ಬ ಕಾನೂನು ವಿದ್ಯಾರ್ಥಿನಿಯ ಲೆಕ್ಕವನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 12ನೆಯ ನಿಯಮವು ಪ್ರತಿ ವಿಷಯದಲ್ಲಿ ನಡೆದ ತರಗತಿಗಳ ಪೈಕಿ ಕನಿಷ್ಠ ಶೇ. 70ರಷ್ಟು ಹಾಜರಾತಿಯನ್ನು ಕೇಳುತ್ತದೆ. ಅಸಾಧಾರಣ ಕಾರಣದಿಂದ ಅಷ್ಟು ಆಗದಿದ್ದರೆ, ಆ ವಿಷಯದಲ್ಲಿ ಶೇ. 65 ಮತ್ತು ಎಲ್ಲ ವಿಷಯಗಳನ್ನು ಕೂಡಿಸಿ ಶೇ. 70 ಇದ್ದಲ್ಲಿ, ಪ್ರಾಂಶುಪಾಲರು ಪರೀಕ್ಷೆಗೆ ಅನುಮತಿ ನೀಡಬಹುದು. ನಾವು ಮನ್ನಾ ಅಥವಾ ಕಂಡೊನೇಶನ್ ಎನ್ನುವುದು ಇದನ್ನೇ. ಇತರ ಪದವಿ ಕೋರ್ಸುಗಳ ಅಂಕಿಗಳು ಬೇರೆಯಾಗಿರುತ್ತವೆ, ಆದರೆ ಪರಿಶೀಲನೆಯ ಕ್ರಮ ಇದೇ.

ಕರಾರು ಕಾನೂನಿನಲ್ಲಿ ಈ ವಿದ್ಯಾರ್ಥಿನಿ 66ಕ್ಕೆ 41 ತರಗತಿಗಳಿಗೆ ಹಾಜರಾಗಿದ್ದಾಳೆಂದು ಕಚೇರಿಯ ತಖ್ತೆಯಲ್ಲಿತ್ತು. ಅಂದರೆ ಶೇ. 62.1, ಮನ್ನಾಕ್ಕೂ ಅರ್ಹಳಲ್ಲ. ಹಾಜರಿ ಪುಸ್ತಕ ತೆರೆದು ನೋಡಿದರೆ 66 ಎನ್ನುವುದು ನಡೆದ ತರಗತಿಗಳ ಸಂಖ್ಯೆಯಾಗಿರದೆ, ವೇಳಾಪಟ್ಟಿಯ ಪ್ರಕಾರ ದಿನಾಂಕ ಬರೆದಿಟ್ಟ ಕಾಲಂಗಳ ಸಂಖ್ಯೆಯಾಗಿತ್ತು. ಅವುಗಳಲ್ಲಿ ಮೂರು ದಿನ ಮಳೆಯ ರಜೆ, ಒಂದು ದಿನ ಸ್ವಾತಂತ್ರ್ಯ ದಿನ, ಒಂದು ದಿನ ಚೌತಿ. ಇನ್ನೊಂದು ಕಾಲಂನಲ್ಲಿ ಉಪನ್ಯಾಸಕರೇ ರಜೆಯಲ್ಲಿದ್ದು, ಬದಲಿ ತರಗತಿ ನಡೆದಿರಲಿಲ್ಲ. ಈ ಆರನ್ನು ಕಳೆದರೆ ನಡೆದದ್ದು 60 ತರಗತಿಗಳು, ಹಾಜರಾತಿ ಶೇ. 68.3. ಒಂದೇ ಒಂದು ಹಾಜರಿಯನ್ನೂ ತಿದ್ದದೆ ಆಕೆ ಮನ್ನಾ ಕೇಳಬಹುದಾದ ವ್ಯಾಪ್ತಿಯೊಳಗೆ ಬಂದಳು.

ಹಾಜರಿಯನ್ನು ಕಂಪ್ಯೂಟರಿನಲ್ಲಿ ಇಡುವ ಕಡೆಗಳಲ್ಲಿ ಇದೇ ತಪ್ಪು ಸೂತ್ರದ ರೂಪದಲ್ಲಿ ಅಡಗಿರುತ್ತದೆ. ತುಂಬಿದ ಎಲ್ಲ ಕೋಶಗಳನ್ನೂ ಎಣಿಸುವ `COUNTA` ಬಳಸಿದರೆ ರಜೆಗೆಂದು ಹಾಕಿದ `H` ಕೂಡ ನಡೆದ ತರಗತಿಯೆಂದೇ ಲೆಕ್ಕಕ್ಕೆ ಸಿಗುತ್ತದೆ. ಹಾಜರು ಮತ್ತು ಗೈರು ಎರಡನ್ನೇ ಎಣಿಸುವ ಈ ಸೂತ್ರ ಸುರಕ್ಷಿತ:

```
=COUNTIF(D5:BQ5,"P")/(COUNTIF(D5:BQ5,"P")+COUNTIF(D5:BQ5,"A"))
```

ಆದರೂ ಒಂದು ಎಚ್ಚರಿಕೆ ಬೇಕು. ರಜೆಯ ದಿನ ಯಾರೋ ಇಡೀ ತರಗತಿಗೆ `A` ತುಂಬಿದ್ದರೆ ಈ ಸೂತ್ರವೂ ಮೋಸಹೋಗುತ್ತದೆ. ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಗೈರಾಗಿರುವ ಕಾಲಂ ಕಂಡರೆ ಆ ದಿನ ತರಗತಿ ನಡೆದಿತ್ತೇ ಎಂದು ಉಪನ್ಯಾಸಕರ ದಿನಚರಿಯನ್ನು ನೋಡಿಯೇ ಮುಂದುವರಿಯಬೇಕು.

ಮಳೆಯ ರಜೆಯ ವಿಷಯದಲ್ಲಿ ಜಿಲ್ಲಾಧಿಕಾರಿಗಳ ಆದೇಶದ ಪ್ರತಿಯನ್ನೇ ಓದಬೇಕು, ಮೊಬೈಲಿನಲ್ಲಿ ಹರಿದಾಡಿದ ಸುದ್ದಿಯನ್ನಲ್ಲ. ಆದೇಶವು ಕೆಲವೊಮ್ಮೆ ಕರಾವಳಿ ತಾಲ್ಲೂಕುಗಳಿಗೆ ಮಾತ್ರ ಅನ್ವಯಿಸುತ್ತದೆ, ಶಿರಸಿಗೆ ಅನ್ವಯಿಸುವುದಿಲ್ಲ. ಕೆಲವೊಮ್ಮೆ ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಿಗೆ ರಜೆ ಇದ್ದು ಪದವಿ ಕಾಲೇಜು ಎಂದಿನಂತೆ ನಡೆಯುತ್ತದೆ. ಅರ್ಧ ತರಗತಿ ಹಾಜರು, ಅರ್ಧ ಗೈರು ಎಂದಿರುವ ಕಾಲಂಗಳು ಹೆಚ್ಚಾಗಿ ಇಂಥ ದಿನಗಳವು, ಅವನ್ನು ಛೇದದಿಂದ ತೆಗೆಯಲಾಗದು. ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನ ತರಗತಿ ತೆಗೆದುಕೊಂಡಿದ್ದರೆ, ಅದು ನಡೆದ ದಿನಾಂಕದಲ್ಲಿ ಪ್ರತ್ಯೇಕ ಕಾಲಂ ಆಗಿರಬೇಕೇ ಹೊರತು ರಜೆಯ ಕಾಲಂನ ಮೇಲೆ ಬರೆದದ್ದಾಗಿರಬಾರದು.

ರಸ್ತೆ ಮುಚ್ಚಿದ ದಿನಗಳದ್ದು ಮತ್ತೂ ಸೂಕ್ಷ್ಮ ಪ್ರಶ್ನೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದಾಗ ಕುಮಟಾ ಕಡೆಯಿಂದ ಕಾರವಾರಕ್ಕೆ ಬರುವ ದಾರಿಯೇ ಕಡಿದುಹೋಗಿತ್ತು. ಅಂಥ ದಿನ ಕಾಲೇಜಿನಲ್ಲಿ ತರಗತಿ ನಡೆದಿದ್ದರೆ ಬರಲಾಗದ ವಿದ್ಯಾರ್ಥಿಗೆ ಅದು ಗೈರೇ ಆಗುತ್ತದೆ. ಆದರೆ ಅಸಾಧಾರಣ ಕಾರಣವೆಂದು ಮನ್ನಾ ಅರ್ಜಿಯಲ್ಲಿ ಬರೆಯಲು ಅದಕ್ಕಿಂತ ಗಟ್ಟಿಯಾದದ್ದು ಕಡಿಮೆ, ಮತ್ತು ಅದನ್ನು ವಿದ್ಯಾರ್ಥಿಗಳು ಬರೆಯದೆ ಬಿಡುತ್ತಾರೆ.

ಇನ್ನು ವೈದ್ಯಕೀಯ ರಜೆ. ನಮ್ಮ ವಿದ್ಯಾರ್ಥಿನಿ ಆಗಸ್ಟ್ 9ರಿಂದ 22ರವರೆಗಿನ ವೈದ್ಯಕೀಯ ಪ್ರಮಾಣಪತ್ರ ಕೊಟ್ಟಿದ್ದಳು. ಆ ಅವಧಿಯಲ್ಲಿ ಕರಾರು ಕಾನೂನಿನ ಹತ್ತು ಕಾಲಂಗಳಿದ್ದವು. ಅವುಗಳಲ್ಲಿ ಎರಡು ರಜೆಯವು, ಉಳಿದ ಎಂಟರಲ್ಲಿ ಆಕೆ ಗೈರು. ಈ ಎಂಟನ್ನು ಏನು ಮಾಡಬೇಕು ಎಂಬಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಛೇದದಿಂದ ಕಳೆದು 52ಕ್ಕೆ 41 ಎಂದು ಶೇ. 78.8 ತೋರಿಸುವುದು ಒಂದು, ಅಂಶಕ್ಕೆ ಕೂಡಿಸಿ 60ಕ್ಕೆ 49 ಎಂದು ಶೇ. 81.7 ತೋರಿಸುವುದು ಇನ್ನೊಂದು. ನಿಯಮ ಕೇಳುವುದು ನಡೆದ ತರಗತಿಗಳಲ್ಲಿ ಹಾಜರಾದವು ಎಷ್ಟು ಎಂಬುದನ್ನು. ವಿದ್ಯಾರ್ಥಿ ಆಸ್ಪತ್ರೆಯಲ್ಲಿದ್ದರೂ ತರಗತಿ ನಡೆದಿದೆ, ಆಕೆ ಅದಕ್ಕೆ ಹಾಜರಾಗಿಲ್ಲ. ಪ್ರಮಾಣಪತ್ರವು ಮನ್ನಾ ಕೇಳಲು ಕಾರಣ ಒದಗಿಸುತ್ತದೆ, ಶೇಕಡಾವನ್ನು ಬದಲಿಸುವುದಿಲ್ಲ. ಆಕೆಯ ಹಾಜರಾತಿ ಶೇ. 68.3 ಆಗಿಯೇ ಉಳಿಯುತ್ತದೆ.

ಹಾಗಿದ್ದರೂ 60ಕ್ಕೆ 49 ಎಂಬ ಲೆಕ್ಕಕ್ಕೆ ಒಂದು ನ್ಯಾಯವಾದ ಉಪಯೋಗವಿದೆ. ಶೇ. 70 ಆಗಲು ಆಕೆಗೆ 42 ತರಗತಿ ಬೇಕಿತ್ತು, ಕೊರತೆ ಒಂದೇ ತರಗತಿಯದು. ಕಾಯಿಲೆ ಇರದೆ ಆ ಎಂಟಕ್ಕೂ ಬಂದಿದ್ದರೆ ಕೊರತೆಯೇ ಆಗುತ್ತಿರಲಿಲ್ಲ ಎಂಬುದು ಇದರಿಂದ ಸಾಬೀತಾಗುತ್ತದೆ. ಕಾಯಿಲೆಯ ದಿನಗಳನ್ನು ಕೂಡಿಸಿದ ಮೇಲೂ ಶೇ. 70 ಮುಟ್ಟದಿದ್ದರೆ, ಕೊರತೆಗೆ ಕಾರಣ ಕಾಯಿಲೆಯೊಂದೇ ಅಲ್ಲ ಎಂದು ನಾನು ಟಿಪ್ಪಣಿ ಬರೆಯುತ್ತೇನೆ. ಇದು ಕಾರಣವನ್ನು ತೂಗುವ ಪರೀಕ್ಷೆ. ಫಲಿತಾಂಶದ ಕಾಲಂನಲ್ಲಿ ಈ ಅಂಕಿ ಬರಬಾರದು.

ಪ್ರಮಾಣಪತ್ರದ ದಿನಾಂಕಗಳನ್ನು ಉಳಿದ ವಿಷಯಗಳ ಹಾಜರಿ ಪುಸ್ತಕಗಳ ಜೊತೆ ಹೋಲಿಸಿದಾಗ, ಆಗಸ್ಟ್ 21ರಂದು ಇನ್ನೊಂದು ವಿಷಯದಲ್ಲಿ ಆಕೆ ಹಾಜರು ಎಂದಿತ್ತು. ಇಷ್ಟಕ್ಕೇ ಪ್ರಮಾಣಪತ್ರ ಸುಳ್ಳೆಂದು ತೀರ್ಮಾನಿಸುವುದು ಅನ್ಯಾಯ. ಗುಣವಾಗಿ ಅವಧಿ ಮುಗಿಯುವ ಮೊದಲೇ ಬಂದಿರಬಹುದು, ಗೆಳತಿಯರು ಅವಳ ಪರವಾಗಿ ಹಾಜರಿ ಕೂಗಿರಬಹುದು, ಉಪನ್ಯಾಸಕರು ಪಕ್ಕದ ಸಾಲಿನಲ್ಲಿ ಗುರುತು ಹಾಕಿರಬಹುದು. ಆಸ್ಪತ್ರೆಯ ಬಿಡುಗಡೆ ಪತ್ರದ ದಿನಾಂಕ ನೋಡಿ, ವಿದ್ಯಾರ್ಥಿನಿಯನ್ನೂ ಉಪನ್ಯಾಸಕರನ್ನೂ ಕೇಳಿದ ನಂತರವೇ ಬರೆಯಬೇಕು. ಇಲ್ಲಿ ಆಕೆ ತಾನು ಬಂದಿರಲಿಲ್ಲವೆಂದೇ ಹೇಳಿದ್ದರಿಂದ ಉಪನ್ಯಾಸಕರು ಸಹಿ ಹಾಕಿ ಆ ಹಾಜರಿಯನ್ನು ಗೈರೆಂದು ತಿದ್ದಿದರು.

ಕೊನೆಗೆ ಒಟ್ಟು ಶೇಕಡಾ. ಐದು ವಿಷಯಗಳಲ್ಲಿ ಕ್ರಮವಾಗಿ 60, 58, 62, 56, 24 ತರಗತಿಗಳು ನಡೆದಿದ್ದವು. ಆಕೆ ಹಾಜರಾದದ್ದು 41, 42, 45, 40, 19. ಇವುಗಳಲ್ಲಿ ಎರಡನೆಯದು ಆಗಸ್ಟ್ 21ರ ಹಾಜರಿಯನ್ನು ತಿದ್ದಿದ ನಂತರದ ಸಂಖ್ಯೆ. ಕರಾರು ಕಾನೂನನ್ನು ಬಿಟ್ಟು ಉಳಿದ ನಾಲ್ಕರಲ್ಲಿಯೂ ಶೇ. 70 ದಾಟಿದೆ. ಒಟ್ಟು 260ಕ್ಕೆ 187, ಅಂದರೆ ಶೇ. 71.9. ಐದು ಶೇಕಡಾಗಳನ್ನು ಕೂಡಿಸಿ ಐದರಿಂದ ಭಾಗಿಸಿದರೆ ಶೇ. 72.8 ಬರುತ್ತದೆ, ಅದು ತಪ್ಪು: 24 ತರಗತಿಗಳ ಸಣ್ಣ ವಿಷಯಕ್ಕೆ 62ರ ವಿಷಯದಷ್ಟೇ ತೂಕ ಸಿಕ್ಕಿಬಿಡುತ್ತದೆ. ಇಲ್ಲಿ ಎರಡೂ 70ರ ಮೇಲಿವೆ, ಆದರೆ ಗಡಿಯಲ್ಲಿರುವ ವಿದ್ಯಾರ್ಥಿಗೆ ಈ ವ್ಯತ್ಯಾಸವೇ ಹಾಲ್ ಟಿಕೆಟನ್ನು ನಿರ್ಧರಿಸುತ್ತದೆ.

ಗಡಿಯ ಲೆಕ್ಕದಲ್ಲಿ ದಶಮಾಂಶವನ್ನು ಪೂರ್ಣಾಂಕಕ್ಕೆ ಏರಿಸುವ ಅಭ್ಯಾಸವೂ ಬೇಡ, ಶೇ. 64.6 ಎಂಬುದು 65 ಅಲ್ಲ. ಭಾಗಾಕಾರವನ್ನೇ ಬಿಟ್ಟು ಗುಣಿಸಿ ನೋಡುವುದು ಉತ್ತಮ. 41ನ್ನು 100ರಿಂದ ಗುಣಿಸಿದರೆ 4100. 60ನ್ನು 70ರಿಂದ ಗುಣಿಸಿದರೆ 4200, 65ರಿಂದ ಗುಣಿಸಿದರೆ 3900. 4100 ಎಂಬುದು 4200ಕ್ಕಿಂತ ಕಡಿಮೆ, 3900ಕ್ಕಿಂತ ಹೆಚ್ಚು, ಆದ್ದರಿಂದ ಮನ್ನಾಕ್ಕೆ ಅರ್ಹಳು. ಅನುಮತಿ ಕೊಡುವುದು ಪ್ರಾಂಶುಪಾಲರ ವಿವೇಚನೆಗೆ ಬಿಟ್ಟದ್ದು. ಅವರ ಮುಂದೆ ಇಡುವ ಕಡತದಲ್ಲಿ ಕಳೆದ ಆರು ಕಾಲಂಗಳ ದಿನಾಂಕ ಮತ್ತು ಕಾರಣ, ರಜೆ ಆದೇಶಗಳ ಪ್ರತಿ, ಬಿಡುಗಡೆ ಪತ್ರ, ತಿದ್ದಿದ ಹಾಜರಿಯ ಬಗ್ಗೆ ಉಪನ್ಯಾಸಕರ ಟಿಪ್ಪಣಿ ಇಷ್ಟೂ ಇರಬೇಕು.