ಹೊಟ್ಟೋ ಸೋರಿಯಾಸಿಸ್ಸೋ? ಕೂದಲಂಚನ್ನು ನೋಡಿ

ಮೂವತ್ತರ ಆಸುಪಾಸಿನ ಒಬ್ಬರನ್ನು ಊಹಿಸಿಕೊಳ್ಳಿ. ಔಷಧಿ ಅಂಗಡಿಯವರು ಕೊಟ್ಟ ಶೇಕಡಾ 2ರ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲದಂತೆ ನಾಲ್ಕು ವಾರ ಹಚ್ಚಿದ್ದಾರೆ. ಆದರೂ ಹೆಗಲ ಮೇಲೆ ಬಿಳಿ ಪುಡಿ ಉದುರುವುದು ನಿಂತಿಲ್ಲ. ಮೊದಲು ಕೇಳಬೇಕಾದದ್ದು, ನೊರೆಯನ್ನು ತಲೆಯಲ್ಲಿ ಎಷ್ಟು ಹೊತ್ತು ಬಿಟ್ಟಿದ್ದರು ಎಂದು. ಹಚ್ಚಿದ ಕೂಡಲೇ ತೊಳೆದರೆ ಔಷಧ ಕೆಲಸ ಮಾಡುವುದಿಲ್ಲ. ಮೂರರಿಂದ ಐದು ನಿಮಿಷ ಬಿಡಬೇಕು, ಅದೂ ಕೂದಲಿಗಲ್ಲ, ಬುಡದ ಚರ್ಮಕ್ಕೆ ತಾಗುವಂತೆ. ಅದನ್ನೂ ಸರಿಯಾಗಿ ಮಾಡಿದ್ದರೆ, ರೋಗವೇ ಬೇರೆ ಇರಬಹುದು.

ಹೊಟ್ಟಿನ ಹಿಂದೆ ಮಲಸೀಜಿಯ ಎಂಬ ಯೀಸ್ಟ್ ಇರುತ್ತದೆ. ಎಲ್ಲರ ನೆತ್ತಿಯಲ್ಲೂ ಬದುಕುವ ಈ ಸೂಕ್ಷ್ಮಜೀವಿ ಚರ್ಮದ ಜಿಡ್ಡನ್ನು ಒಡೆದು ತಿನ್ನುತ್ತದೆ. ಆಗ ಉಳಿಯುವ ಕೊಬ್ಬಿನಾಮ್ಲಗಳು ಕೆಲವರ ಚರ್ಮವನ್ನು ಕೆರಳಿಸುತ್ತವೆ. ಅದಕ್ಕೇ ಉದುರುವ ಹೊಟ್ಟು ಸಣ್ಣದು, ತುಸು ಹಳದಿ, ಜಿಡ್ಡು ಜಿಡ್ಡು. ತಲೆಯ ತುಂಬ ಹರಡಿದ್ದು, ಎಲ್ಲಿ ಶುರು ಎಲ್ಲಿ ಕೊನೆ ಎಂದು ಗೊತ್ತಾಗುವುದಿಲ್ಲ. ಸಮಸ್ಯೆ ಜೋರಾದಾಗ ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲೂ ಕಾಣಿಸುತ್ತದೆ.

ಸೋರಿಯಾಸಿಸ್‌ನಲ್ಲಿ ದಾರಿ ತಪ್ಪುವುದು ರೋಗನಿರೋಧಕ ವ್ಯವಸ್ಥೆ. ತಿಂಗಳ ಆಸುಪಾಸಿನಲ್ಲಿ ಮೇಲೆ ಬರಬೇಕಾದ ಚರ್ಮಕೋಶಗಳು ಕೆಲವೇ ದಿನಗಳಲ್ಲಿ ನುಗ್ಗಿ ಬಂದು ಪದರ ಪದರವಾಗಿ ಕೂರುತ್ತವೆ. ಆ ಪದರ ಒಣಗಿದ್ದು, ದಪ್ಪ, ಬೆಳ್ಳಿಯ ಬಣ್ಣದ್ದು. ಅಡಿಯ ಚರ್ಮ ಕೆಂಪು, ನಮ್ಮಂಥ ಕಂದು ಮೈಬಣ್ಣದವರಲ್ಲಿ ನೇರಳೆ ಅಥವಾ ಗಾಢ ಕಂದು. ಮಚ್ಚೆಗೆ ಸ್ಪಷ್ಟವಾದ ಅಂಚಿರುತ್ತದೆ. ಅದು ಕೂದಲಿನ ಗಡಿ ದಾಟಿ ಹಣೆಗೆ, ಕಿವಿಯ ಹಿಂದೆ, ಕತ್ತಿಗೆ ಇಳಿದಿದ್ದರೆ ಸಂಶಯ ಬಲವಾಗುತ್ತದೆ. ಮೊಣಕೈ, ಮೊಣಕಾಲುಗಳನ್ನೂ ನೋಡಿಕೊಳ್ಳಬೇಕು. ಉಗುರಿನಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಅದೂ ಒಂದು ಸುಳಿವು. ಪದರವನ್ನು ಉಗುರಿನಿಂದ ಕೆರೆದು ಪರೀಕ್ಷಿಸುವುದು ಮಾತ್ರ ಬೇಡವೇ ಬೇಡ. ಗಾಯವಾದ ಕಡೆ ಹೊಸ ಮಚ್ಚೆ ಏಳಬಹುದು. ಎರಡೂ ಬೆರೆತಿರುವ ತಲೆಗಳೂ ಉಂಟು. ಅಲ್ಲಿ ಚರ್ಮತಜ್ಞರ ಕಣ್ಣೇ ಬೇಕು.

ಯೀಸ್ಟನ್ನು ತಗ್ಗಿಸುವ ಕೀಟೋಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಮ್ ಸಲ್ಫೈಡ್ ಹೊಟ್ಟಿಗೆ ಸರಿಯಾದ ಆಯ್ಕೆ. ಸೋರಿಯಾಸಿಸ್‌ಗೆ ಇವಷ್ಟೇ ಸಾಲವು. ಅಲ್ಲಿ ಸ್ಯಾಲಿಸಿಲಿಕ್ ಆಮ್ಲವಿರುವ ಶಾಂಪೂ ಪದರವನ್ನು ಸಡಿಲಿಸುತ್ತದೆ, ಕೋಲ್ ಟಾರ್ ಕೋಶಗಳ ಓಟವನ್ನು ನಿಧಾನಗೊಳಿಸುತ್ತದೆ. ಟಾರಿನ ವಾಸನೆ ಕಟು, ದಿಂಬಿಗೆ ಕಲೆಯೂ ಆಗುತ್ತದೆ. ಕ್ಲೊಬೆಟಸಾಲ್ ಇರುವ ಶಾಂಪೂವನ್ನು ಒಣ ತಲೆಗೆ ಹಚ್ಚಿ ಹದಿನೈದು ನಿಮಿಷ ಬಿಟ್ಟು ತೊಳೆಯುತ್ತಾರೆ. ಅದು ಪ್ರಬಲ ಸ್ಟೆರಾಯ್ಡ್. ವೈದ್ಯರು ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟೇ ದಿನ.

ನಮ್ಮ ಮನೆಗಳ ಕೊಬ್ಬರಿ ಎಣ್ಣೆಯ ವಿಷಯದಲ್ಲೂ ಈ ವ್ಯತ್ಯಾಸ ಮುಖ್ಯ. ಸೋರಿಯಾಸಿಸ್‌ನ ಗಟ್ಟಿ ಪದರವನ್ನು ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿ ಮೆತ್ತಗಾಗಿಸಬಹುದು, ಆಮೇಲೆ ಔಷಧ ಚರ್ಮಕ್ಕೆ ತಲುಪುತ್ತದೆ. ಹೊಟ್ಟಿರುವ ತಲೆಗೆ ರಾತ್ರಿಯಿಡೀ ಎಣ್ಣೆ ಬಿಟ್ಟರೆ ಯೀಸ್ಟಿಗೆ ಊಟ ಬಡಿಸಿದಂತೆ.

ನೆತ್ತಿಯ ಮಚ್ಚೆಯ ಜೊತೆಗೆ ಬೆಳಿಗ್ಗೆ ಏಳುವಾಗ ಬೆರಳ ಗಂಟುಗಳು ಬಿಗಿದುಕೊಂಡು ಊದುತ್ತಿದ್ದರೆ ಶಾಂಪೂ ಬದಲಿಸುತ್ತ ಕಾಯಬಾರದು. ಸೋರಿಯಾಸಿಸ್ ಕೀಲುಗಳಿಗೂ ಇಳಿಯುತ್ತದೆ, ತಡಮಾಡಿದರೆ ಆದ ಹಾನಿ ಮರಳಿ ಸರಿಹೋಗುವುದಿಲ್ಲ.